ಬಿಟ್ಟುಹೋದ ಕಾರ್ಟಿಗೆ ಮೂರು ಮೇಲ್

ಆನ್‌ಲೈನ್ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಉಡುಪೊಂದನ್ನು ಆರಿಸಿ ಕಾರ್ಟಿಗೆ ಹಾಕಿ, ಹಣ ಕಟ್ಟದೆ ಹೊರಟುಹೋಗುವುದು ತೀರ ಸಾಮಾನ್ಯ. ಆನ್‌ಲೈನ್ ಖರೀದಿಯ ನಡವಳಿಕೆಯನ್ನು ಅಧ್ಯಯನ ಮಾಡುವ ಡೆನ್ಮಾರ್ಕಿನ ಬೇಮಾರ್ಡ್ ಸಂಸ್ಥೆ ಹತ್ತಾರು ಸಮೀಕ್ಷೆಗಳನ್ನು ಸೇರಿಸಿ ತೆಗೆದ ಸರಾಸರಿಯ ಪ್ರಕಾರ, ನೂರು ಕಾರ್ಟುಗಳಲ್ಲಿ ಸುಮಾರು 70 ಹೀಗೆ ನಿಂತುಬಿಡುತ್ತವೆ. ಅವರಲ್ಲಿ ಬಹಳ ಮಂದಿ ಸುಮ್ಮನೆ ನೋಡಲು ಬಂದವರು. ಅವರನ್ನು ಯಾವ ಮೇಲೂ ವಾಪಸ್ ತರಲಾರದು. ನೆನಪಿನ ಮೇಲ್‌ಗಳ ಸರಣಿ ಇರುವುದು ಉಳಿದವರಿಗಾಗಿ, ಅಂದರೆ ಕೊಳ್ಳುವ ಮನಸ್ಸಿದ್ದೂ ಯಾವುದೋ ಒಂದು ಅನುಮಾನಕ್ಕೆ ಸಿಕ್ಕಿಕೊಂಡವರಿಗಾಗಿ. ಮೂರು ಮೇಲ್ ಕಳಿಸುವುದಾದರೆ ಮೂರೂ ಬೇರೆ ಬೇರೆ ಅನುಮಾನಕ್ಕೆ ಉತ್ತರ ಕೊಡಬೇಕು. ಒಂದೇ ಮಾತನ್ನು ಮೂರು ಸಲ, ಪ್ರತಿ ಸಲ ಇನ್ನಷ್ಟು ಜೋರಾಗಿ ಹೇಳುವ ಸರಣಿಯೇ ಹೆಚ್ಚಾಗಿ ಕಾಣುವುದು. ಕೆಲಸಕ್ಕೆ ಬಾರದಿರುವುದೂ ಅದೇ.

ಸಣ್ಣ ಅಂಗಡಿಯೊಂದರ ಉದಾಹರಣೆ ಹಿಡಿದು ನೋಡಬಹುದು. ಬುಧವಾರ ರಾತ್ರಿ 10:40ಕ್ಕೆ ಮಹಿಳೆಯೊಬ್ಬರು M ಅಳತೆಯ ನೀಲಿ ಹತ್ತಿ ಕುರ್ತಾ ಆರಿಸುತ್ತಾರೆ. ಬೆಲೆ 1,299 ರೂಪಾಯಿ. ಹಣ ಕಟ್ಟುವ ಪುಟದಲ್ಲಿ ಇಮೇಲ್ ವಿಳಾಸ ತುಂಬಿದ ಮೇಲೆ ಸಾಗಣೆ ವೆಚ್ಚ 79 ರೂಪಾಯಿ ಎಂದು ಕಾಣಿಸುತ್ತದೆ. ಅಲ್ಲಿಗೆ ಅವರು ಫೋನ್ ಕೆಳಗಿಡುತ್ತಾರೆ. ವಿಳಾಸ ತುಂಬಿದ್ದರಿಂದ, ಇಲ್ಲವೇ ಮೊದಲೇ ಲಾಗಿನ್ ಆಗಿದ್ದರಿಂದ ಮಾತ್ರ ಅಂಗಡಿಗೆ ಅವರನ್ನು ತಲುಪಲು ಸಾಧ್ಯ. ಹೆಸರು, ವಿಳಾಸ ಏನೂ ಕೊಡದೆ ಹೋದವರ ಕಾರ್ಟ್ ಲೆಕ್ಕಕ್ಕೆ ಸಿಗುತ್ತದೆ, ಕೈಗೆ ಸಿಗುವುದಿಲ್ಲ.

ಮೊದಲ ಮೇಲ್ ಕಾರ್ಟ್ ಬಿಟ್ಟ ಒಂದು ಗಂಟೆಯ ಸುಮಾರಿಗೆ ಹೋಗಬೇಕೆಂಬುದು ರೂಢಿ. ಐದೇ ನಿಮಿಷಕ್ಕೆ ಬಂದರೆ ಯಾರೋ ಹಿಂದೆ ನಿಂತು ನೋಡುತ್ತಿದ್ದಂತೆ ಅನಿಸುತ್ತದೆ. ಎರಡು ದಿನ ಬಿಟ್ಟರೆ ಮನಸ್ಸು ಬೇರೆಡೆ ಹೋಗಿರುತ್ತದೆ. ಆದರೆ ಈ ಉದಾಹರಣೆಯಲ್ಲಿ ಒಂದು ಗಂಟೆಯೆಂದರೆ ರಾತ್ರಿ 11:40. ಆಗ ಹೋದ ಮೇಲ್ ಬೆಳಗಾಗುವಷ್ಟರಲ್ಲಿ ಬ್ಯಾಂಕು, ಬಿಲ್ಲುಗಳ ಮೇಲ್‌ಗಳಡಿ ಹೂತುಹೋಗಿರುತ್ತದೆ. ಹಾಗಾಗಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಒಂಬತ್ತರವರೆಗೆ ಯಾವುದನ್ನೂ ಕಳಿಸದಂತೆ ತಡೆ ಹಾಕಿ, ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಕಳಿಸುವುದು ಮೇಲು. ಇದರಲ್ಲಿ ಮಾರಾಟದ ಮಾತು ಬೇಡ. ವಿಷಯದ ಸಾಲಿನಲ್ಲಿ ‘ನೀವು ಆರಿಸಿದ ನೀಲಿ ಕುರ್ತಾ’ ಎಂದಿದ್ದರೆ ಸಾಕು. ಒಳಗೆ ಕುರ್ತಾದ ಚಿತ್ರ, ಅಳತೆ, ಬೆಲೆ, ತುಂಬಿದ ಕಾರ್ಟಿಗೇ ನೇರ ಹೋಗುವ ಕೊಂಡಿ, ಮತ್ತು ಎರಡು ಸಾಲು: ‘ನೀವು ಆರಿಸಿದ್ದು ಕಾರ್ಟಿನಲ್ಲಿ ಹಾಗೆಯೇ ಇದೆ. ಹಣ ಕಟ್ಟುವಾಗ ಏನಾದರೂ ತೊಡಕಾಗಿದ್ದರೆ ಈ ಮೇಲ್‌ಗೆ ಉತ್ತರ ಬರೆಯಿರಿ.’ ಉತ್ತರ ಬರೆದರೆ ಓದುವವರೊಬ್ಬರು ನಿಜಕ್ಕೂ ಇರಬೇಕು. ‘ಅಯ್ಯೋ, ಕುರ್ತಾ ನಿಮಗಾಗಿ ಅಳುತ್ತಿದೆ’ ಎಂಬ ಧಾಟಿ ಒಮ್ಮೆ ನಗಿಸೀತು. ಯುಪಿಐಯಲ್ಲಿ ಹಣ ಕಡಿತವಾಗಿಯೂ ಆರ್ಡರ್ ದಾಖಲಾಗದವರು ಅದನ್ನು ಓದಿದರೆ ಸಿಟ್ಟಾಗುತ್ತಾರೆ. ಹಣ ಪಾವತಿ ವಿಫಲವಾದವರನ್ನು ಈ ಸರಣಿಯಿಂದಲೇ ತೆಗೆದು, ಅವರಿಗೆ ಹಣದ ಸ್ಥಿತಿ ತಿಳಿಸುವ ಬೇರೆ ಮೇಲ್ ಕಳಿಸಬೇಕು.

ಎರಡನೆಯದು ಒಂದು ದಿನ ಬಿಟ್ಟು, ಶುಕ್ರವಾರ. ಬಟ್ಟೆ ಅಂಗಡಿಯ ಮಟ್ಟಿಗೆ ಇದೇ ಮುಖ್ಯವಾದದ್ದು. ಮೊಬೈಲ್ ಫೋನೋ ಪುಸ್ತಕವೋ ಆದರೆ ಕೊಳ್ಳುವವರಿಗೆ ಬೆಲೆಯ ಚಿಂತೆ. ಬಟ್ಟೆಯಾದರೆ ಮೈಗೆ ಹಿಡಿಸೀತೇ, ಬಣ್ಣ ಫೋಟೋದಲ್ಲಿರುವಂತೆಯೇ ಇದೆಯೇ, ಒಗೆದರೆ ಕುಗ್ಗೀತೇ ಎಂಬ ಚಿಂತೆ. ಒಂದು ಕಂಪನಿಯ M ಇನ್ನೊಂದರ L ಆಗಿರುವುದೂ ಉಂಟು. ಆದ್ದರಿಂದ ಈ ಮೇಲ್ ಅಳತೆಯನ್ನು ಇಂಚಿನಲ್ಲಿ ಹೇಳಬೇಕು: ‘ಈ ಕುರ್ತಾದ M ಅಳತೆಯಲ್ಲಿ ಎದೆಯ ಸುತ್ತಳತೆ 40 ಇಂಚು. ಇದು ಬಟ್ಟೆಯ ಅಳತೆ, ಮೈಯದ್ದಲ್ಲ. ನಿಮಗೆ ಸರಿಯಾಗಿ ಕೂರುವ ಕುರ್ತಾವೊಂದನ್ನು ಮಂಚದ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಟೇಪ್ ಹಿಡಿಯಿರಿ. 20 ಇಂಚಿನ ಆಸುಪಾಸು ಬಂದರೆ M ನಿಮಗೆ ಸರಿ.’ ಅದರ ಕೆಳಗೆ ಬಟ್ಟೆಯನ್ನು ಮೊದಲೇ ಒಗೆದು ಕುಗ್ಗಿಸಲಾಗಿದೆಯೇ ಇಲ್ಲವೇ, ಅಳತೆ ಸರಿಹೋಗದಿದ್ದರೆ ಎಷ್ಟು ದಿನದೊಳಗೆ ಬದಲಿಸಿಕೊಳ್ಳಬಹುದು, ವಾಪಸ್ ಕಳಿಸುವ ಖರ್ಚು ಯಾರದು ಎಂಬುದು. ಧಾಟಿ ಅನುಭವಿ ಟೈಲರ್ ಮಾತನಾಡುವ ಹಾಗಿರಬೇಕು: ಬಿಡಿಸಿ ಹೇಳುವುದು, ಒತ್ತಾಯಿಸದಿರುವುದು. ಇದರಿಂದ ಕೆಲವರು M ಬಿಟ್ಟು L ಕೊಳ್ಳುತ್ತಾರೆ. ವಾಪಸ್ ಬರುವ ಪಾರ್ಸೆಲ್‌ಗಳು ಕಡಿಮೆಯಾಗುವ ಲಾಭ ಬೇರೆ.

ಮೂರನೆಯದು ಇನ್ನೆರಡು ದಿನ ಬಿಟ್ಟು, ಭಾನುವಾರ ಬೆಳಗ್ಗೆ. ರಿಯಾಯಿತಿ ಕೊಡುವುದಾದರೆ ಇಲ್ಲಿ, ಅದಕ್ಕಿಂತ ಮೊದಲಂತೂ ಅಲ್ಲ. ಮೊದಲ ಮೇಲ್‌ನಲ್ಲೇ ಕೂಪನ್ ಇಟ್ಟರೆ ಪೂರ್ತಿ ಬೆಲೆಗೆ ಕೊಳ್ಳಲಿದ್ದವರಿಗೂ ಸುಮ್ಮನೆ ಹಣ ಬಿಟ್ಟುಕೊಟ್ಟಂತೆ. ಬೇಕೆಂದೇ ಕಾರ್ಟ್ ಬಿಟ್ಟು ಕೂಪನ್‌ಗೆ ಕಾಯುವ ಅಭ್ಯಾಸವೂ ಗಿರಾಕಿಗಳಿಗೆ ಬೇಗ ಬರುತ್ತದೆ. ಎಷ್ಟು ಕೊಡಬೇಕು ಎಂಬುದನ್ನು ಅವರು ಎಲ್ಲಿ ನಿಂತರು ಎಂಬುದೇ ಹೇಳುತ್ತದೆ. ಈ ಮಹಿಳೆ ನಿಂತದ್ದು ಸಾಗಣೆ ವೆಚ್ಚ ಕಂಡಾಗ. ಶೇ. 10 ರಿಯಾಯಿತಿಗೆ ಅಂಗಡಿಗೆ ಸುಮಾರು 130 ರೂಪಾಯಿ ಬೀಳುತ್ತದೆ. ಸಾಗಣೆಯನ್ನು ಉಚಿತ ಮಾಡಿದರೆ 79 ಮಾತ್ರ, ತೊಡಕೂ ಅಲ್ಲೇ ಬಿಡುತ್ತದೆ. ಒಬ್ಬರಿಗೆ ಆರು ತಿಂಗಳಿಗೊಮ್ಮೆ ಮಾತ್ರ ಎಂದು ಮಿತಿ ಹಾಕುವುದು ಒಳ್ಳೆಯದು.

ಧಾಟಿ ಕೆಡುವುದೂ ಹೆಚ್ಚಾಗಿ ಈ ಮೂರನೆಯ ಮೇಲ್‌ನಲ್ಲೇ. ಗೋದಾಮಿನಲ್ಲಿ ಇನ್ನೂರು ಕುರ್ತಾ ಇರುವಾಗ ‘ಇನ್ನೆರಡೇ ಉಳಿದಿವೆ’ ಎನ್ನುವುದು, ತೆರೆದಾಗಲೆಲ್ಲ ಮೊದಲಿನಿಂದ ಓಡುವ ಗಡಿಯಾರ, ‘ಬೇಡ, ನನಗೆ ಚೆಂದ ಕಾಣುವ ಆಸೆಯಿಲ್ಲ’ ಎಂಬ ಬಟನ್. ಇವು ಬರೀ ಅಭಿರುಚಿಯ ಪ್ರಶ್ನೆಗಳಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಲಾಗಿದ್ದು, ಸುಳ್ಳು ಅವಸರ ಹುಟ್ಟಿಸುವುದೂ ಬೇಡ ಎಂದವರನ್ನು ನಾಚಿಸುವುದೂ ಅದರಲ್ಲಿ ಸೇರಿವೆ. M ಅಳತೆಯಲ್ಲಿ ನಿಜಕ್ಕೂ ಎರಡೇ ಇದ್ದರೆ ಹಾಗೆ ಹೇಳಲು ಅಡ್ಡಿಯಿಲ್ಲ. ಇದರ ನಂತರ ನಾಲ್ಕನೆಯದು ಬೇಡ. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ, ದೊಡ್ಡ ಪ್ರಮಾಣದಲ್ಲಿ ಮೇಲ್ ಕಳಿಸುವವರು ಒಂದೇ ಕ್ಲಿಕ್ಕಿನಲ್ಲಿ ಹೊರಬರುವ ದಾರಿ ಕೊಡಬೇಕೆಂದೂ ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದೆಂದೂ ನಿಯಮ ಮಾಡಿವೆ. ಸಾವಿರಕ್ಕೆ ಮೂವರು ಸಿಡುಕಿ ಬಟನ್ ಒತ್ತಿದರೆ ಆ ಮಿತಿ ಮುಟ್ಟಿದಂತೆ. ಆಮೇಲೆ ಅಂಗಡಿಯ ಬಿಲ್ಲು, ರಸೀದಿಗಳೂ ಸ್ಪ್ಯಾಮ್ ಡಬ್ಬಿಗೆ ಬೀಳತೊಡಗಬಹುದು.

ಸರಣಿ ನಿಲ್ಲುವ ನಿಯಮವನ್ನು ಅದು ಶುರುವಾಗುವ ನಿಯಮದಷ್ಟೇ ಜಾಗ್ರತೆಯಿಂದ ಬರೆಯಬೇಕು. ಪ್ರತಿ ಮೇಲ್ ಹೊರಡುವ ಮುನ್ನ ಆ ಗಿರಾಕಿ ಈಗಾಗಲೇ ಕೊಂಡಿದ್ದಾರೆಯೇ ಎಂದು ನೋಡಬೇಕು. ಇಮೇಲ್ ಒಂದನ್ನೇ ಹೋಲಿಸಿದರೆ ಸಾಲದು; ಫೋನ್ ನಂಬರ್ ಕೊಟ್ಟು ಕ್ಯಾಶ್ ಆನ್ ಡೆಲಿವರಿಯಲ್ಲಿ ತರಿಸಿಕೊಂಡವರಿಗೂ ನೆನಪಿನ ಮೇಲ್ ಹೋಗಿಬಿಡುತ್ತದೆ. ಆ ಅಳತೆ ಖಾಲಿಯಾಗಿದ್ದರೂ ಸರಣಿ ನಿಲ್ಲಬೇಕು.

ಫಲ ಅಳೆಯುವಾಗ ಎಷ್ಟು ಮಂದಿ ಮೇಲ್ ತೆರೆದರು ಎಂಬ ಲೆಕ್ಕವನ್ನು ನಂಬುವಂತಿಲ್ಲ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಗೌಪ್ಯತೆಯ ಆಯ್ಕೆ ಆನ್ ಇದ್ದರೆ, ಓದುಗರು ತೆರೆಯದಿದ್ದರೂ ಚಿತ್ರಗಳನ್ನು ತಾನೇ ಇಳಿಸಿಕೊಳ್ಳುತ್ತದೆ; ಅಂಗಡಿಗೆ ಅದು ತೆರೆದಂತೆಯೇ ಕಾಣುತ್ತದೆ. ಖರೀದಿಯನ್ನೇ ಎಣಿಸಬೇಕು, ಅದೂ ಹೋಲಿಕೆಯಿಟ್ಟು. ಸಾವಿರ ಕಾರ್ಟುಗಳಲ್ಲಿ ಚೀಟಿ ಎತ್ತಿದ ಹಾಗೆ ನೂರನ್ನು ಬೇರೆಯಿಟ್ಟು ಅವರಿಗೆ ಏನೂ ಕಳಿಸಲಿಲ್ಲ ಎಂದಿಟ್ಟುಕೊಳ್ಳಿ. ಮೇಲ್ ಹೋದ 900 ಮಂದಿಯಲ್ಲಿ 72 ಮಂದಿ, ಅಂದರೆ ಶೇ. 8, ಕೊಂಡರು. ಮೇಲ್ ಹೋಗದ ನೂರರಲ್ಲೂ ಐವರು ತಾವಾಗಿಯೇ ಬಂದು ಕೊಂಡರು. ಹಾಗಾದರೆ ಮೇಲ್ ತಂದದ್ದು ಶೇ. 3 ಮಾತ್ರ: 72 ಅಲ್ಲ, 27 ಕುರ್ತಾ. ನೂರು ಜನರ ಗುಂಪಿನಲ್ಲಿ ಒಬ್ಬಿಬ್ಬರು ಹೆಚ್ಚುಕಡಿಮೆಯಾದರೂ ಲೆಕ್ಕ ತಲೆಕೆಳಗಾಗುತ್ತದೆ. ಆದ್ದರಿಂದ ಸಣ್ಣ ಅಂಗಡಿಯವರು ಈ ಹೋಲಿಕೆಯನ್ನು ಹಲವು ತಿಂಗಳು ನಡೆಸಿ, ಹಬ್ಬದ ಮಾರಾಟದ ವಾರಗಳನ್ನು ಬೇರೆಯಾಗಿಟ್ಟು ನೋಡಬೇಕಾಗುತ್ತದೆ.