ಮೇಷ್ಟ್ರು ಬಾಯಿಬಿಡುವ ಮೊದಲೇ ಬರುವ ಉತ್ತರ

ಹತ್ತು ಮೀಟರ್ ಎತ್ತರದಿಂದ ಬಿದ್ದ ಕಲ್ಲು ಎಷ್ಟು ವೇಗದಲ್ಲಿ ನೆಲ ಮುಟ್ಟುತ್ತದೆ? ಭೌತಶಾಸ್ತ್ರದ ಮೇಷ್ಟ್ರು ಹೀಗೆ ಕೇಳಿ, ಬೋರ್ಡಿನತ್ತ ತಿರುಗಿ, ಮಾತಿಲ್ಲದೆ ಲೆಕ್ಕ ಬಿಡಿಸುತ್ತಾರೆ ಎಂದುಕೊಳ್ಳಿ. ಅವರಿನ್ನೂ ಬರೆಯುತ್ತಿರುವಾಗಲೇ ವಿಡಿಯೊದ ಅಡಿಯಲ್ಲಿ ಉತ್ತರ ಬಂದು ಕೂತಿರುತ್ತದೆ. ಕಂಪ್ಯೂಟರ್ ತಯಾರಿಸಿದ ಸಬ್‌ಟೈಟಲ್ ಕಡತದಲ್ಲಿ ಆ ಜಾಗ ಹೀಗಿರಬಹುದು:

```
41
00:12:08,000 --> 00:12:11,000
ಹಾಗಾದರೆ ವೇಗ ಎಷ್ಟು?

42
00:12:11,000 --> 00:12:39,000
ಸೆಕೆಂಡಿಗೆ ಸುಮಾರು 14 ಮೀಟರ್.
```

ಎಸ್‌ಆರ್‌ಟಿ ಕಡತವೆಂದರೆ ಇಷ್ಟೇ: ಕ್ರಮಸಂಖ್ಯೆ, ಶುರುವಾಗುವ ಮತ್ತು ಮುಗಿಯುವ ಹೊತ್ತು, ಮಾತು, ಒಂದು ಖಾಲಿ ಸಾಲು. ಅಲ್ಪವಿರಾಮದ ನಂತರದ ಮೂರು ಅಂಕಿಗಳು ಸೆಕೆಂಡಿನ ಸಾವಿರದ ಭಾಗಗಳು. ಓಪನ್‌ಎಐ 2022ರಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ಎಂಬ ಉಚಿತ ತಂತ್ರಾಂಶ, ಉಪನ್ಯಾಸದ ಧ್ವನಿಯಿಂದ ಇಂಥ ಕರಡನ್ನು ಒಂದೇ ಆದೇಶಕ್ಕೆ ಬರೆದುಕೊಡುತ್ತದೆ:

```
whisper lecture.mp3 --model medium --language kn --output_format srt
```

ಅದು ಧ್ವನಿಯನ್ನು 30 ಸೆಕೆಂಡುಗಳ ತುಂಡುಗಳಾಗಿ ಕೇಳುತ್ತದೆ. ಮಾತಿನ ಜೊತೆಗೆ ಹೊತ್ತನ್ನೂ ತಾನೇ ಅಂದಾಜಿಸುತ್ತದೆ. ಅಂದಾಜು ಎಡವುವುದು ಹೆಚ್ಚಾಗಿ ಮೌನದಲ್ಲಿ. ಮುಂದಿನ ವಾಕ್ಯದ ಆರಂಭವನ್ನು ಹಿಂದಿನ ವಾಕ್ಯದ ಕೊನೆಗೇ ಅಂಟಿಸಿಬಿಡುತ್ತದೆ. ಕೆಲವೊಮ್ಮೆ ಯಾರೂ ಆಡದ ಮಾತನ್ನೇ ಮೌನಕ್ಕೆ ತುಂಬುವುದೂ ಉಂಟು. ಆದೇಶದ ಕೊನೆಗೆ `--word_timestamps True` ಸೇರಿಸಿದರೆ ಹೊತ್ತು ಸಾಕಷ್ಟು ಬಿಗಿಯಾಗುತ್ತದೆ, ಆದರೂ ಕಣ್ಣು ಹಾಯಿಸದೆ ಬಿಡುವಂತಿಲ್ಲ.

ಇಂಥ ತಪ್ಪನ್ನು ಹುಡುಕಲು ಇಡೀ ಪಾಠ ಕೇಳಬೇಕಿಲ್ಲ. ನಾಲ್ಕೇ ಪದಗಳ ಸಾಲು 28 ಸೆಕೆಂಡು ನಿಂತಿದೆ ಎಂದರೆ ಅಲ್ಲಿ ಏನೋ ಎಡವಟ್ಟಾಗಿದೆ. ಏಳೆಂಟು ಸೆಕೆಂಡಿಗಿಂತ ಹೆಚ್ಚು ನಿಲ್ಲುವ ಸಾಲುಗಳನ್ನಷ್ಟೇ ಆರಿಸಿ ನೋಡಿದರೂ ಇಂಥವು ಬಹುಪಾಲು ಸಿಕ್ಕಿಬೀಳುತ್ತವೆ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯ ಅಲೆ ಪರದೆಯ ಮೇಲೇ ಕಾಣುತ್ತದೆ. ಮೌನವಿರುವಲ್ಲಿ ಅಲೆ ಬಹುತೇಕ ಗೆರೆಯಂತಿದ್ದು, ಮಾತು ಶುರುವಾದಲ್ಲಿ ಏಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 00:12:35,100ರಲ್ಲಿ ಎದ್ದಿದ್ದರೆ, 42ನೇ ಸಾಲಿನ ಆರಂಭವನ್ನು ಅಲ್ಲಿಗೆ ಎಳೆದರಾಯಿತು. ನಡುವಿನ 24 ಸೆಕೆಂಡು ಪರದೆ ಖಾಲಿಯಿರುತ್ತದೆ. ಇರಲಿ, ವಿದ್ಯಾರ್ಥಿ ಆಗ ಬೋರ್ಡನ್ನು ನೋಡಬೇಕು, ತಾನೂ ಲೆಕ್ಕ ಮಾಡಬೇಕು.

ಆದರೆ ಹೀಗೆ ಒಂದೊಂದೇ ಸಾಲು ತಿದ್ದಲು ಕೂರುವ ಮೊದಲು ಪಾಠದ ಆರಂಭ, ನಡು, ಕೊನೆ ಮೂರನ್ನೂ ಕೇಳಿನೋಡುವುದು ಜಾಣತನ. ಸಬ್‌ಟೈಟಲ್ ಸಿದ್ಧವಾದ ಮೇಲೆ ಯಾರೋ ವಿಡಿಯೊದ ಮುಂದೆ 12 ಸೆಕೆಂಡಿನ ಶೀರ್ಷಿಕೆ ಸೇರಿಸಿದ್ದರೆ, ಎಲ್ಲ ಸಾಲುಗಳೂ ಅಷ್ಟೇ ಬೇಗ ಬರುತ್ತವೆ. ಇಡೀ ಕಡತವನ್ನು ಒಮ್ಮೆಗೇ 12 ಸೆಕೆಂಡು ಮುಂದೂಡಿದರೆ ಸಾಕು. ಆರಂಭ ಸರಿಯಿದ್ದು, ನಡುವೆ ಒಂದೂವರೆ ಸೆಕೆಂಡು, ಕೊನೆಯಲ್ಲಿ ಮೂರು ಸೆಕೆಂಡು ವ್ಯತ್ಯಾಸ ಕಂಡರೆ ಧ್ವನಿ ಮತ್ತು ವಿಡಿಯೊ ಬೇರೆ ಬೇರೆ ವೇಗದಲ್ಲಿ ಓಡುತ್ತಿವೆ ಎಂದರ್ಥ. ಅಲ್ಲಿ ಮುಂದೂಡಿ ಪ್ರಯೋಜನವಿಲ್ಲ. ಮೊದಲ ಮತ್ತು ಕೊನೆಯ ಸಾಲಿನ ಸರಿಯಾದ ಹೊತ್ತನ್ನು ಕೊಟ್ಟರೆ, ನಡುವಿನ ಎಲ್ಲ ಸಾಲುಗಳನ್ನೂ ತಂತ್ರಾಂಶವೇ ಅದೇ ಪ್ರಮಾಣದಲ್ಲಿ ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ.