495 ತಂಡಗಳು, ಒಂದು ಉಪಗ್ರೂಪ್: ಸಿಲೋ ಪ್ರಮೇಯದ ಎಣಿಕೆ

ನಾಲ್ಕು ಸಮಬಾಹು ತ್ರಿಭುಜಗಳನ್ನು ಜೋಡಿಸಿದರೆ ಆಗುವ ಘನಾಕೃತಿ ಚತುರ್ಮುಖಿ. ಅದನ್ನು ತಿರುಗಿಸಿ, ಮೊದಲಿದ್ದ ಜಾಗದಲ್ಲೇ ಕೂರುವಂತೆ ಇಡಲು ಒಟ್ಟು 12 ದಾರಿಗಳಿವೆ. ಸುಮ್ಮನೆ ಬಿಡುವುದು ಒಂದು. ಯಾವುದಾದರೂ ಮೂಲೆಯನ್ನು ಹಿಡಿದು 120 ಅಥವಾ 240 ಡಿಗ್ರಿ ತಿರುಗಿಸುವುದು ಎಂಟು. ಎದುರುಬದುರಿನ ಎರಡು ಅಂಚುಗಳ ನಡುಬಿಂದುಗಳ ಮೂಲಕ ಅಕ್ಷ ಹಾಯಿಸಿ 180 ಡಿಗ್ರಿ ತಿರುಗಿಸುವುದು ಮೂರು. ಒಂದರ ಮೇಲೊಂದು ಮಾಡಿದರೂ ಈ ತಿರುವುಗಳು ತಮ್ಮೊಳಗೇ ಉಳಿಯುತ್ತವೆ. ಪ್ರತಿಯೊಂದನ್ನೂ ಹಿಂದಕ್ಕೆ ತಿರುಗಿಸಬಹುದು. ಇಂಥ ಕೂಟವೇ ಗ್ರೂಪ್. ಅದರೊಳಗೆ ತನ್ನಷ್ಟಕ್ಕೆ ಗ್ರೂಪ್ ಆಗಿರುವ ಭಾಗ ಉಪಗ್ರೂಪ್.

ಉಪಗ್ರೂಪಿನ ಗಾತ್ರ 12ನ್ನು ಭಾಗಿಸಲೇಬೇಕು ಎನ್ನುತ್ತದೆ ಲಗ್ರಾಂಜ್ ಪ್ರಮೇಯ. ಆದರೆ ಭಾಗಿಸುವ ಪ್ರತಿ ಸಂಖ್ಯೆಗೂ ಉಪಗ್ರೂಪ್ ಸಿಗುವ ಭರವಸೆಯಿಲ್ಲ. ಇಲ್ಲಿ 6 ತಿರುವುಗಳ ಉಪಗ್ರೂಪ್ ಇಲ್ಲ. ಇದ್ದಿದ್ದರೆ ಅದು ಗ್ರೂಪಿನ ಅರ್ಧ ಆಗಿರುತ್ತಿತ್ತು. ಅರ್ಧ ಗಾತ್ರದ ಉಪಗ್ರೂಪಿನಲ್ಲಿ ಪ್ರತಿ ತಿರುವಿನ ವರ್ಗವೂ, ಅಂದರೆ ಅದನ್ನು ಎರಡು ಸಲ ಮಾಡಿದಾಗ ಬರುವುದೂ, ಸೇರಿರಲೇಬೇಕು. 240 ಡಿಗ್ರಿಯನ್ನು ಎರಡು ಸಲ ತಿರುಗಿಸಿದರೆ 120 ಆಗುತ್ತದೆ, 120ನ್ನು ಎರಡು ಸಲ ತಿರುಗಿಸಿದರೆ 240. ಹಾಗಾಗಿ ಮೂಲೆ ಹಿಡಿದ ಎಂಟು ತಿರುವುಗಳೂ ವರ್ಗಗಳೇ. ಆರರ ಜಾಗದಲ್ಲಿ ಎಂಟು ಹಿಡಿಯುವುದಿಲ್ಲ.

ಹಾಗಾದರೆ ಯಾವ ಗಾತ್ರಕ್ಕೆ ಖಾತ್ರಿ ಇದೆ? ಇದಕ್ಕೆ 1872ರಲ್ಲಿ ಉತ್ತರ ಕೊಟ್ಟವರು ನಾರ್ವೆಯ ಲುಡ್ವಿಗ್ ಸಿಲೋ. ಆಗ ಅವರು ಫ್ರೆಡ್ರಿಕ್ಸ್‌ಹಾಲ್ಡ್ ಪಟ್ಟಣದ ಶಾಲಾ ಮೇಷ್ಟರು. ಗ್ರೂಪಿನ ಗಾತ್ರವನ್ನು ಅವಿಭಾಜ್ಯಗಳ ಘಾತಗಳಾಗಿ ಒಡೆಯಿರಿ: 12 ಎಂದರೆ 4 × 3. ಒಂದು ಅವಿಭಾಜ್ಯದ ಅತಿ ದೊಡ್ಡ ಘಾತ ಎಷ್ಟಿದೆಯೋ ಅಷ್ಟು ಗಾತ್ರದ ಉಪಗ್ರೂಪ್ ಯಾವಾಗಲೂ ಇರುತ್ತದೆ. ಇಲ್ಲಿ 4ಕ್ಕೂ 3ಕ್ಕೂ ಖಾತ್ರಿ, 6ಕ್ಕಿಲ್ಲ.

ಇದರ ಅತಿ ಸೊಗಸಾದ ಸಾಧನೆಯನ್ನು ಹೆಲ್ಮುಟ್ ವೀಲಾಂಟ್ 1959ರಲ್ಲಿ ಪ್ರಕಟಿಸಿದರು. ಅವರು ಉಪಗ್ರೂಪನ್ನು ಹುಡುಕಲು ಹೋಗುವುದೇ ಇಲ್ಲ. 12 ತಿರುವುಗಳಲ್ಲಿ ಯಾವುವಾದರೂ ನಾಲ್ಕನ್ನು ಆರಿಸಿದ ತಂಡಗಳೆಷ್ಟು ಎಂದು ಎಣಿಸುತ್ತಾರೆ, ಅಷ್ಟೆ. 12 × 11 × 10 × 9 ಅನ್ನು 4 × 3 × 2 × 1ರಿಂದ ಭಾಗಿಸಿದರೆ 495, ಬೆಸ ಸಂಖ್ಯೆ. ಬೆಸ ಬಂದದ್ದು ಆಕಸ್ಮಿಕವಲ್ಲ. ಮೇಲಿನ 12ರಲ್ಲೂ ಕೆಳಗಿನ 4ರಲ್ಲೂ ಎರಡೆರಡು 2ಗಳಿವೆ, 10ರಲ್ಲೂ 2ರಲ್ಲೂ ಒಂದೊಂದು, ಉಳಿದವುಗಳಲ್ಲಿ ಇಲ್ಲ. ಎಲ್ಲ 2ಗಳೂ ವಜಾ ಆಗುತ್ತವೆ. ಯಾವ ಗ್ರೂಪಿನಲ್ಲೂ ಇದೇ ಜೋಡಿ ಲೆಕ್ಕ ನಡೆಯುತ್ತದೆ.

ಈಗ ತಂಡದ ನಾಲ್ಕೂ ತಿರುವುಗಳ ಮೇಲೆ ಇನ್ನೊಂದು ತಿರುವನ್ನು ಮಾಡಿದರೆ ಬೇರೊಂದು ತಂಡವೋ ಅದೇ ತಂಡವೋ ಬರುತ್ತದೆ. ಹೀಗೆ ಒಂದರಿಂದ ಒಂದಕ್ಕೆ ಹೋಗಬಹುದಾದ ತಂಡಗಳನ್ನೆಲ್ಲ ಒಂದು ಬಳಗ ಎನ್ನೋಣ. ಒಂದು ತಂಡವನ್ನು ಕದಲಿಸದ ತಿರುವುಗಳು ತಾವೇ ಒಂದು ಉಪಗ್ರೂಪ್. ಅದರ ಗಾತ್ರವನ್ನು ಬಳಗದ ಗಾತ್ರಕ್ಕೆ ಗುಣಿಸಿದರೆ 12. ಎಲ್ಲ ಬಳಗಗಳೂ ಸಮ ಗಾತ್ರದವಾಗಿದ್ದರೆ ಒಟ್ಟು ಬೆಸ ಆಗಲಾರದು. ಆದ್ದರಿಂದ ಒಂದಾದರೂ ಬೆಸ ಬಳಗ ಇರಲೇಬೇಕು, ಅದರ ತಂಡವನ್ನು ಕದಲಿಸದ ಉಪಗ್ರೂಪಿನ ಗಾತ್ರ 4ರ ಗುಣಕ ಆಗಿರಲೇಬೇಕು. ಇನ್ನೊಂದು ಕಡೆ, ಅದು 4ನ್ನು ಮೀರುವಂತೆಯೂ ಇಲ್ಲ: ತಂಡದ ಒಂದೇ ಸದಸ್ಯನ ಮೇಲೆ ಬೇರೆಬೇರೆ ತಿರುವು ಮಾಡಿದರೆ ಬೇರೆಬೇರೆ ಫಲ ಬರುತ್ತದೆ, ಅವೆಲ್ಲವೂ ನಾಲ್ಕೇ ಜನರ ತಂಡದೊಳಗೆ ಇರಬೇಕು. ಹಾಗಾಗಿ ಗಾತ್ರ ಸರಿಯಾಗಿ 4.

ಪೂರ್ತಿ ಎಣಿಸಿದರೆ 38 ಬಳಗಗಳಲ್ಲಿ ತಲಾ 12 ತಂಡ, 6 ಬಳಗಗಳಲ್ಲಿ ತಲಾ 6, ಒಂದರಲ್ಲಿ ಮಾತ್ರ 3. ಆ ಮೂರರಲ್ಲಿ ‘ಸುಮ್ಮನೆ ಬಿಡುವುದು’ ಸೇರಿರುವ ತಂಡವೇ ನಮ್ಮ ಉಪಗ್ರೂಪ್. ಅದರ ಉಳಿದ ಸದಸ್ಯರು 180 ಡಿಗ್ರಿಯ ಮೂರು ತಿರುವುಗಳು.

ಪ್ರಮೇಯದ ಎರಡನೇ ಮಾತು: ಒಂದೇ ಅವಿಭಾಜ್ಯಕ್ಕೆ ಇಂಥ ಉಪಗ್ರೂಪ್‌ಗಳು ಹಲವಿದ್ದರೆ ಅವೆಲ್ಲ ಪರಸ್ಪರ ಕಾಂಜುಗೇಟ್, ಅಂದರೆ ಆಕೃತಿಯನ್ನು ತಿರುಗಿಸಿ ನೋಡಿದರೆ ಒಂದು ಇನ್ನೊಂದಾಗಿ ಕಾಣುತ್ತದೆ. P ಎಂಬುದು ‘ಅ’ ಮೂಲೆಯನ್ನು ಕದಲಿಸದ ಮೂರು ತಿರುವುಗಳ ಉಪಗ್ರೂಪ್ ಆಗಿರಲಿ, Q ಮೂರರ ಇನ್ಯಾವುದೋ ಉಪಗ್ರೂಪ್. Q ನಾಲ್ಕು ಮೂಲೆಗಳನ್ನು 1 ಅಥವಾ 3ರ ಬಳಗಗಳಾಗಿ ಒಡೆಯುತ್ತದೆ. 4 ಎಂಬುದು 3ರ ಗುಣಕವಲ್ಲ, ಆದ್ದರಿಂದ ಒಂದು ಮೂಲೆಯಾದರೂ ಅಲುಗದೆ ನಿಲ್ಲುತ್ತದೆ. ಅದು ‘ಆ’ ಎನ್ನಿ. ‘ಅ’ವನ್ನು ‘ಆ’ಗೆ ಒಯ್ಯುವ ತಿರುವು g. ಮೊದಲು g ಮಾಡಿ, Q ಮಾಡಿ, g ಹಿಂದಕ್ಕೆ ತಿರುಗಿಸಿದರೆ ‘ಅ’ ಇದ್ದಲ್ಲೇ ಇರುತ್ತದೆ. ಹಾಗಾದರೆ ಅದು P ಒಳಗೇ ಇದೆ. ಗಾತ್ರ ಎರಡಕ್ಕೂ ಮೂರೇ, ಆದ್ದರಿಂದ ಅದು P ತಾನೇ. ಮೂಲೆಗಳೇ ಇಲ್ಲದ ಗ್ರೂಪಿನಲ್ಲಿ ಅವುಗಳ ಕೆಲಸವನ್ನು P-ಯ ಸದಸ್ಯರೆಲ್ಲರ ಮೇಲೆ ಗ್ರೂಪಿನ ಒಂದೇ ಸದಸ್ಯನನ್ನು ಮಾಡಿದಾಗ ಬರುವ ತಂಡಗಳು, ಅಂದರೆ P-ಯ ಕೋಸೆಟ್‌ಗಳು ಮಾಡುತ್ತವೆ. ಅವುಗಳ ಸಂಖ್ಯೆಯನ್ನೂ ಆ ಅವಿಭಾಜ್ಯ ಭಾಗಿಸುವುದಿಲ್ಲ.

ಎರಡೂ ಸಾಧನೆಗಳ ಕೀಲಿ ಒಂದೇ: ಒಟ್ಟು ಸಂಖ್ಯೆಯನ್ನು ಅವಿಭಾಜ್ಯ ಭಾಗಿಸದಿದ್ದರೆ, ಅದು ಭಾಗಿಸದ ಬಳಗವೊಂದು ಇರಲೇಬೇಕು. 6ರಲ್ಲಿ ಈ ಕೀಲಿ ತಿರುಗುವುದಿಲ್ಲ. ಎರಡು ಬಳಗಗಳ ಗಾತ್ರ 2 ಮತ್ತು 3 ಇದ್ದರೆ ಒಟ್ಟು 5. ಆರರ ಗುಣಕವಲ್ಲ ನಿಜ, ಆದರೆ ಒಂದು ಬಳಗದ ಗಾತ್ರವನ್ನು 2 ಭಾಗಿಸುತ್ತದೆ, ಇನ್ನೊಂದನ್ನು 3. ಎರಡರಿಂದಲೂ ಭಾಗವಾಗದ ಬಳಗ ಇದೆ ಎನ್ನಲು ಯಾವ ಆಧಾರವೂ ಉಳಿಯುವುದಿಲ್ಲ.