ಕಡ್ಡಿ ಚಕ್ರವೋ, ಅಲಾಯ್ ಚಕ್ರವೋ? ಆನವಟ್ಟಿ ಗುಂಡಿಗಳ ತೀರ್ಪು

ಮಳೆಗಾಲ ಬಂತೆಂದರೆ ಆನವಟ್ಟಿಯ ಪಂಕ್ಚರ್ ಅಂಗಡಿಗಳಿಗೆ ಸುಗ್ಗಿ. ಸೊರಬದ ಕಡೆಯಿಂದ ಬಂದವರು, ಶಿರಾಳಕೊಪ್ಪದ ಕಡೆಯಿಂದ ಬಂದವರು, ಹಾನಗಲ್ ರಸ್ತೆಯವರು ಎಲ್ಲರೂ ಗಾಡಿ ತಳ್ಳಿಕೊಂಡು ಅಲ್ಲಿಗೇ ಬರಬೇಕು. ಬಸ್ಸಿಗೆ ಕಾಯುತ್ತ ಕೂತವರು ಅದನ್ನು ನೋಡಿ, "ಸದ್ಯ, ನಮಗೆ ಗಾಡಿ ಇಲ್ಲ" ಎಂದು ಸಮಾಧಾನಪಟ್ಟುಕೊಳ್ಳುವುದೂ ಉಂಟು!

ಅಂಥ ಒಂದು ಅಂಗಡಿಯ ಮುಂದೆ ಈಚೆಗೆ ದೊಡ್ಡ ವಾದವೇ ನಡೆಯಿತು. ಕಿರಾಣಿ ಅಂಗಡಿಯವರೊಬ್ಬರು ಹೊಸ ಗಾಡಿ ತೆಗೆದುಕೊಳ್ಳಬೇಕೆಂದಿದ್ದಾರೆ. ಶೋರೂಮಿನಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟಯರಿನ ಗಾಡಿ ತೋರಿಸಿದರಂತೆ. "ನಮ್ಮ ರಸ್ತೆಗೆ ಕಡ್ಡಿ ಚಕ್ರಾನೇ ಸರಿ ಕಣಣ್ಣ, ಅಲಾಯ್ ಒಡೆದರೆ ಎಸೀಬೇಕು" ಎಂದರು ಒಬ್ಬರು. "ಅಲ್ರೀ, ರಾತ್ರಿ ಅಡಿಕೆ ತೋಟದ ದಾರೀಲಿ ಟ್ಯೂಬ್ ಪಂಕ್ಚರ್ ಆದ್ರೆ ನೀವು ಬಂದು ತಳ್ತೀರಾ?" ಎಂದರು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಯಾವ ಸತ್ಯ ಯಾರಿಗೆ ಹೊಂದುತ್ತದೆ ಎಂಬುದನ್ನೇ ಈ ವಾರ ನೋಡೋಣ.

ಹಾಲಿನವರ ಗಾಡಿಯ ಕಥೆ

ವಾದಕ್ಕೆ ಕಾರಣವಾದದ್ದು ಅಂಗಡಿ ಮುಂದೆ ನಿಂತಿದ್ದ ಒಂದು ಗಾಡಿ. ಪಕ್ಕದ ಹಳ್ಳಿಯ ಹಾಲಿನವರದು. ಬೆಳಿಗ್ಗೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಡೇರಿ ಬಾಗಿಲು ಹಾಕುವುದರೊಳಗೆ ಮುಟ್ಟಬೇಕು. ತಡವಾದರೆ ಹಾಲು ತೆಗೆದುಕೊಳ್ಳುವುದಿಲ್ಲ, ಅಂದಿನ ದುಡಿಮೆ ಮಣ್ಣುಪಾಲು. ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟಯರು ಹಾಕಿಸಿಕೊಂಡು ಒಂದು ವರ್ಷ ಸುಖವಾಗಿಯೇ ಓಡಾಡಿದ್ದರು. ಒಂದು ದಿನ ನೀರು ತುಂಬಿದ ಗುಂಡಿಗೆ ಮುಂದಿನ ಚಕ್ರ ಇಳಿಯಿತು. 'ಠಣ್' ಎಂದು ಸದ್ದಾಯಿತು. ಟಯರು ಒಡೆಯಲಿಲ್ಲ, ಗಾಡಿಯೂ ಬೀಳಲಿಲ್ಲ. ದೇವರು ದೊಡ್ಡವನು ಎಂದು ಮುಂದೆ ಹೋದರು.

ಮರುದಿನದಿಂದ ಶುರುವಾಯಿತು ತಂಟೆ. ಸಂಜೆ 28 ಪೌಂಡು ಗಾಳಿ ಹೊಡೆಸಿದರೆ ಬೆಳಿಗ್ಗೆಗೆ 18. ಟಯರಿನಲ್ಲಿ ಮೊಳೆ ಇಲ್ಲ, ಮುಳ್ಳಿಲ್ಲ. ಪಂಕ್ಚರ್ ಅಂಗಡಿಯವರು ಮೊದಲು ವಾಲ್ವಿನ ಬಾಯಿಗೆ ಎಂಜಲು ಬೆರಳು ಹಚ್ಚಿ ನೋಡಿದರು. ಗುಳ್ಳೆ ಏಳಲಿಲ್ಲ. ಬಳಿಕ ಸೋಪಿನ ನೀರನ್ನು ಟಯರೂ ರಿಮ್ಮೂ ಕೂಡುವ ಅಂಚಿನುದ್ದಕ್ಕೂ ಸುರಿದು ಚಕ್ರವನ್ನು ನಿಧಾನ ತಿರುಗಿಸಿದರು. ಒಂದು ಕಡೆ ಸಣ್ಣ ಸಣ್ಣ ಗುಳ್ಳೆಗಳ ಸಾಲು. ಬೆರಳಾಡಿಸಿದರೆ ಅಲ್ಲಿಯೇ ರಿಮ್ಮಿನ ತುಟಿ ಒಂದಿಷ್ಟು ಒಳಗೆ ಹೋಗಿತ್ತು.

ಕಾರಣ ಸರಳ. ಟ್ಯೂಬ್‌ಲೆಸ್ ಎಂದರೆ ಗಾಳಿ ಹಿಡಿಯಲು ಒಳಗೆ ಬೇರೆ ಚೀಲವಿಲ್ಲ. ಟಯರಿನ ಒಳಮೈಗೆ ಗಾಳಿ ಸೋರದ ಒಂದು ರಬ್ಬರ್ ಪದರ, ಅದರ ಅಂಚು ರಿಮ್ಮಿನ ತುಟಿಗೆ ಬಿಗಿಯಾಗಿ ಕೂತು ಗಾಳಿಯನ್ನು ತಡೆಯುತ್ತದೆ. ತುಟಿ ಒಂದು ಕಡೆ ಮಡಿಸಿದರೆ ಅಲ್ಲಿ ಸಂದು ಬಿತ್ತು. ಟಯರು ಎಷ್ಟು ಹೊಸದಾದರೇನು, ಗಾಳಿ ಸೋರುತ್ತದೆ.

ತಪ್ಪಾದದ್ದು ಮುಂದೆ. ಬೆಳಿಗ್ಗೆಯ ಅವಸರ, ಬೇಗ ಆಗಲಿ ಎಂದು ಹಾಲಿನವರು ಆ ಟಯರಿನೊಳಗೇ ಒಂದು ಟ್ಯೂಬ್ ಹಾಕಿಸಿಕೊಂಡರು. ಸೋರುವುದು ನಿಂತಿತು. ಹತ್ತು ದಿನಕ್ಕೆ ಇನ್ನೊಂದು ಗುಂಡಿ. ಈ ಸಲ ಗಾಳಿ ಪೂರ್ತಿ ಇಳಿದುಹೋಯಿತು, ಗಾಡಿ ಜಗ್ಗಿತು, ಹಾಲು ಡೇರಿಗೆ ಮುಟ್ಟಲಿಲ್ಲ. ಟ್ಯೂಬು ತೆಗೆದು ನೋಡಿದರೆ ಪಕ್ಕಪಕ್ಕ ಎರಡು ತೂತು, ಹಾವು ಕಚ್ಚಿದ ಹಾಗೆ. ಗುಂಡಿಯ ಅಂಚು ಟಯರನ್ನು ರಿಮ್ಮಿನವರೆಗೂ ಒತ್ತಿದಾಗ ನಡುವೆ ಸಿಕ್ಕಿದ ಟ್ಯೂಬು ಹೀಗೆ ಎರಡು ಕಡೆ ಕತ್ತರಿಸುತ್ತದೆ. ಮೊಳೆ ಪಂಕ್ಚರಿಗೆ ಒಂದು ತೂತು, ಗುಂಡಿ ಪಂಕ್ಚರಿಗೆ ಎರಡು. ತೂತು ಎಣಿಸಿದರೆ ಕಾರಣ ತಾನೇ ಗೊತ್ತಾಗುತ್ತದೆ. ಮುಖ್ಯವಾಗಿ, ಟ್ಯೂಬು ಸೇರಿಸಿದೊಡನೆ ಟ್ಯೂಬ್‌ಲೆಸ್‌ನ ಇದ್ದ ಗುಣವೂ ಹೋಯಿತು, ಬೆಂಡಾದ ರಿಮ್ಮು ಹಾಗೇ ಉಳಿಯಿತು. ಕೊನೆಗೆ ಚಕ್ರವನ್ನು ಪಟ್ಟಣಕ್ಕೆ ಕಳಿಸಿ, ಒತ್ತುಯಂತ್ರದಲ್ಲಿ ತುಟಿ ನೇರ ಮಾಡಿಸಿದ ಮೇಲೆ ಸರಿಹೋಯಿತು.

ಮೊಳೆ ವಿಚಾರ ಬೇರೆ

ಹಾಗಂತ ಟ್ಯೂಬ್‌ಲೆಸ್ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ನಮ್ಮ ಕಡೆ ದಾರಿಯಲ್ಲಿ ಸಿಗುವುದು ಎತ್ತಿನ ಲಾಳದ ಮೊಳೆ, ಬಿದಿರಿನ ಮುಳ್ಳು, ಬೇಲಿ ತಂತಿಯ ತುಂಡು. ಇವು ಟ್ಯೂಬ್ ಟಯರಿಗೆ ಹೊಕ್ಕರೆ ಟ್ಯೂಬಿನ ತೂತಿನಿಂದ ಹೊರಬಿದ್ದ ಗಾಳಿ ಕಡ್ಡಿಗಳ ತೂತಿನಿಂದಲೂ, ವಾಲ್ವಿನ ಸಂದಿನಿಂದಲೂ ಬುಸ್ಸೆಂದು ಹೋಗುತ್ತದೆ. ಎರಡು ನಿಮಿಷದಲ್ಲಿ ಗಾಡಿ ನಿಲ್ಲಬೇಕು. ಚಕ್ರ ಬಿಚ್ಚಿ, ಟಯರು ಕಳಚಿ, ಟ್ಯೂಬು ನೀರಿಗೆ ಅದ್ದಿ, ಉಜ್ಜಿ, ಪ್ಯಾಚ್ ಹಾಕಬೇಕು.

ಟ್ಯೂಬ್‌ಲೆಸ್‌ನಲ್ಲಿ ಮೊಳೆ ಹೊಕ್ಕಲ್ಲೇ ಬಿಗಿಯಾಗಿ ಕೂತಿರುತ್ತದೆ, ಗಾಳಿ ನಿಧಾನ ಇಳಿಯುತ್ತದೆ. ದಾರಿಯಲ್ಲಿ ಗಾಳಿ ಹೊಡೆಸಿಕೊಂಡು ಅಂಗಡಿ ಮುಟ್ಟಬಹುದು. ಮೊಳೆ ಕಂಡರೆ ದಾರಿಯಲ್ಲೇ ಕೀಳಬೇಡಿ. ಅದೇ ಈಗ ಬಿರಡೆಯ ಕೆಲಸ ಮಾಡುತ್ತಿದೆ. ಅಂಗಡಿಯಲ್ಲಿ ಕಿತ್ತು, ತೂತನ್ನು ಉಜ್ಜಿ, ಅಂಟು ಸವರಿದ ರಬ್ಬರ್ ಹುರಿಯನ್ನು ಸೂಜಿಯಿಂದ ತುರುಕಿದರೆ ಮುಗಿಯಿತು, ಚಕ್ರ ಬಿಚ್ಚುವ ಮಾತೇ ಇಲ್ಲ. ಆದರೆ ಈ ರಿಪೇರಿ ನೆಲ ತಾಗುವ ಭಾಗದ ಸಣ್ಣ ತೂತಿಗೆ ಮಾತ್ರ. ಟಯರಿನ ಪಕ್ಕೆ ಸೀಳಿದ್ದರೆ ಹುರಿ ನಿಲ್ಲುವುದಿಲ್ಲ. ಆ ಟಯರು ಬದಲಿಸಲೇಬೇಕು.

ಕಡ್ಡಿ ಚಕ್ರದ ಗುಟ್ಟು

ಇನ್ನು ಕಡ್ಡಿ ಚಕ್ರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಾಡುತ್ತಿದ್ದ ಕಾಲದಲ್ಲಿ ಬೇರೆ ಚಕ್ರ ನಮಗೆ ಗೊತ್ತೇ ಇರಲಿಲ್ಲ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ರದೂ ಕಡ್ಡಿ ಚಕ್ರವೇ. ಈ ಚಕ್ರದಲ್ಲಿ ಕಡ್ಡಿಗಳೆಲ್ಲ ತಂಬೂರಿ ತಂತಿಯಂತೆ ಎಳೆದು ಬಿಗಿದಿರುತ್ತವೆ. ಗುಂಡಿಯ ಏಟು ಬಿದ್ದಾಗ ಹತ್ತಾರು ಕಡ್ಡಿಗಳು ಅದನ್ನು ಹಂಚಿಕೊಳ್ಳುತ್ತವೆ, ರಿಮ್ಮು ಸ್ವಲ್ಪ ಬಾಗಿ ಮರಳುತ್ತದೆ. ಹೆಚ್ಚಿನ ಏಟಿಗೆ ಬೆಂಡಾದರೂ ಊರಿನ ಸೈಕಲ್ ಷಾಪಿನವನೇ ತೆಗೆಯಬಲ್ಲ. ಅಲಾಯ್ ಹಾಗಲ್ಲ. ಅದು ಅಲ್ಯೂಮಿನಿಯಮ್ ಎರಕದ ಒಂದೇ ತುಂಡು. ಸಣ್ಣ ಏಟನ್ನು ಜಗ್ಗದೆ ತಡೆದು, ಮಿತಿ ಮೀರಿದಾಗ ತುಟಿ ಮಡಿಸುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಮಡಿಸಿದ ತುಟಿ ನೇರ ಮಾಡಿಸಬಹುದು. ಬಿರುಕು ಬಿಟ್ಟದ್ದನ್ನು ವೆಲ್ಡಿಂಗ್ ಮಾಡಿಸಿ ಹಾಕಿಕೊಳ್ಳುವುದು ಪ್ರಾಣಕ್ಕೆ ಸಂಚಕಾರ. ಅಂಥ ಚಕ್ರ ಬದಲಿಸುವುದೊಂದೇ ದಾರಿ.

ಕಡ್ಡಿ ಚಕ್ರಕ್ಕೂ ಆರೈಕೆ ಬೇಕು. ಅಲ್ಲೇ ನಮ್ಮವರು ತಪ್ಪುವುದು. ಚಕ್ರ ಎತ್ತಿ ನಿಲ್ಲಿಸಿ, ಒಂದು ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿ ನೋಡಿ. ಬಿಗಿ ಇರುವುದು 'ಟಿಂಗ್' ಎನ್ನುತ್ತದೆ, ಸಡಿಲವಾದದ್ದು 'ಟಪ್' ಎನ್ನುತ್ತದೆ. ಒಂದು ಸಡಿಲಾದರೆ ಅದರ ಭಾರ ಪಕ್ಕದವುಗಳ ಮೇಲೆ, ಆಮೇಲೆ ಅವು ಹಬ್ಬಿನ ಹತ್ತಿರ ಬಾಗಿದ ಜಾಗದಲ್ಲಿ ಕಡಿಯುತ್ತವೆ. ಬೆಂಡು ಗುರುತಿಸಲು ಫೋರ್ಕಿಗೆ ಒಂದು ಸೀಮೆಸುಣ್ಣ ಆನಿಸಿ ರಿಮ್ಮಿನ ಹತ್ತಿರ ಹಿಡಿದು ಚಕ್ರ ತಿರುಗಿಸಿ. ಗೆರೆ ಬಿದ್ದ ಕಡೆಗೆ ರಿಮ್ಮು ವಾಲಿದೆ ಎಂದರ್ಥ. ಎಡಕ್ಕೆ ವಾಲಿದ್ದರೆ ಆ ಜಾಗದಲ್ಲಿ ಹಬ್ಬಿನ ಬಲಗಡೆಯಿಂದ ಬಂದ ಕಡ್ಡಿಗಳನ್ನು ಬಿಗಿ, ಎಡಗಡೆಯವನ್ನು ಸಡಿಲು ಮಾಡಬೇಕು. ಒಂದು ಸಲಕ್ಕೆ ನಿಪ್ಪಲ್ಲಿಗೆ ಕಾಲು ಸುತ್ತು ಸಾಕು. ಒಮ್ಮೆಲೆ ತಿರುಗಿಸಿದರೆ ಇನ್ನೊಂದು ಕಡೆ ಬೆಂಡು ಹುಟ್ಟುತ್ತದೆ. ಮಳೆ ನೀರಿಗೆ ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಂಡರೆ ತಿರುಗುವುದೇ ಇಲ್ಲ. ಆದ್ದರಿಂದ ಮಳೆಗಾಲಕ್ಕೆ ಮೊದಲೇ ಒಂದು ಹನಿ ಎಣ್ಣೆ ಬಿಡಿಸಿ.

"ಕಡ್ಡಿ ಚಕ್ರಕ್ಕೇ ಟ್ಯೂಬ್‌ಲೆಸ್ ಹಾಕಿದರಾಗದೇ?" ಎಂದು ಕೇಳುವವರಿದ್ದಾರೆ. ಸಾಮಾನ್ಯ ಕಡ್ಡಿ ರಿಮ್ಮಿಗೆ ಹತ್ತಾರು ತೂತು, ಪ್ರತಿಯೊಂದರಲ್ಲೂ ಗಾಳಿ ಸೋರುತ್ತದೆ. ತೂತುಗಳಿಗೆ ಅಂಟು ಮೆತ್ತಿ ಕೊಡುವವರೂ ಇದ್ದಾರೆ. ಆದರೆ ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಟಯರಿನ ಅಂಚು ಜಾರದಂತೆ ಒಳಗಡೆ ಒಂದು ದಿಣ್ಣೆ ಇರುತ್ತದೆ. ಟ್ಯೂಬಿನ ರಿಮ್ಮಿಗೆ ಸಾಮಾನ್ಯವಾಗಿ ಅದಿರುವುದಿಲ್ಲ. ಗಾಳಿ ಕಡಿಮೆಯಾದಾಗ ಅಂಚು ಜಾರಿ ಒಮ್ಮೆಲೆ ಗಾಳಿ ಖಾಲಿಯಾದರೆ ಬೀಳುವವರು ನೀವೇ. ಕಡ್ಡಿಗಳನ್ನು ಬೇರೆ ರೀತಿ ಕೂರಿಸಿ ಕಾರ್ಖಾನೆಯಲ್ಲೇ ಮಾಡಿದ ಟ್ಯೂಬ್‌ಲೆಸ್ ಕಡ್ಡಿ ಚಕ್ರಗಳೂ ಬಂದಿವೆ, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಕ್ಕೆ ಅವು ಸಿಗುತ್ತವೆ. ಆದರೆ ಅದು ದುಬಾರಿ ಸಂಗತಿ, ಹಾಲಿನ ಗಾಡಿಯ ಮಾತಲ್ಲ.

ಹಾಗಾದರೆ ಯಾವುದು?

ಮುಖ್ಯ ಪ್ರಶ್ನೆ ನಿಮ್ಮ ದಾರಿ ಎಂಥದು, ಹೊರೆ ಎಷ್ಟು ಎಂಬುದು. ಮಣ್ಣಿನ ಹೊಂಡ ಬೇರೆ, ಡಾಂಬರು ಕಿತ್ತ ಗುಂಡಿ ಬೇರೆ. ಮಣ್ಣಿನ ಹೊಂಡದ ಅಂಚು ಉರುಟು, ಚಕ್ರ ಇಳಿದು ಏರುತ್ತದೆ. ಡಾಂಬರು ಗುಂಡಿಯ ಅಂಚು ಕತ್ತಿಯಂತೆ ಚೂಪು, ಚಕ್ರಕ್ಕೆ ಅದೇ ಶತ್ರು. ನೀರು ತುಂಬಿದಾಗ ಅದು ಕಾಣುವುದೂ ಇಲ್ಲ.

ಹಾಲು, ಗೊಬ್ಬರ, ಹುಲ್ಲಿನ ಹೊರೆ ಹೊತ್ತು ಹೊಲದ ದಾರಿ, ಕಿತ್ತ ಡಾಂಬರು ಎರಡನ್ನೂ ದಿನಾ ತುಳಿಯುವವರಿಗೆ ಕಡ್ಡಿ ಚಕ್ರ, ಟ್ಯೂಬ್ ಟಯರೇ ಲೇಸು. ಒಡೆದದ್ದು ಊರಲ್ಲೇ ಸರಿಯಾಗುತ್ತದೆ, ಖರ್ಚೂ ಕಡಿಮೆ. ಬದಲಿಗೆ ಒಂದು ಟ್ಯೂಬು, ಎರಡು ಟಯರ್ ಲಿವರು, ಪಂಪು ಗಾಡಿಯಲ್ಲಿರಲಿ. ಅಂಗಡಿ ತೆರೆಯಲು ಬರುವವರು, ಮಾಸ್ತರು, ಒಬ್ಬರೇ ಬಹುಪಾಲು ಡಾಂಬರಿನ ಮೇಲೆ ಹೋಗುವವರು, ರಾತ್ರಿ ಓಡಾಡುವವರು ಅಲಾಯ್, ಟ್ಯೂಬ್‌ಲೆಸ್ ತೆಗೆದುಕೊಳ್ಳಲಿ. ಹಿಂಗಾಲಿಯಲ್ಲಿ ಮೊಳೆ ಹೆಚ್ಚು, ಮುಂಗಾಲಿಯಲ್ಲಿ ಗುಂಡಿಯ ಏಟು ಹೆಚ್ಚು. ಆದ್ದರಿಂದ ಅಲಾಯ್ ಇದ್ದವರು ತಿಂಗಳಿಗೊಮ್ಮೆ ಮುಂದಿನ ರಿಮ್ಮು ತೊಳೆದು ಒರೆಸಿ ತುಟಿಯ ಮೇಲೆ ಬೆರಳಾಡಿಸಿ ನೋಡಲಿ.

ಎರಡಕ್ಕೂ ಒಂದೇ ಔಷಧಿ ಗಾಳಿ. ಗಾಳಿ ಕಡಿಮೆಯಿದ್ದರೆ ಟಯರು ಬೇಗ ಒತ್ತಿ ರಿಮ್ಮಿಗೆ ತಾಗುತ್ತದೆ. ಟ್ಯೂಬು ಇದ್ದರೆ ಟ್ಯೂಬು ಕತ್ತರಿಸುತ್ತದೆ, ಇಲ್ಲದಿದ್ದರೆ ತುಟಿ ಮಡಿಸುತ್ತದೆ. ಎಷ್ಟು ಬೇಕೆಂದು ಗಾಡಿಯ ಮೇಲೆ ಅಂಟಿಸಿದ ಚೀಟಿಯಲ್ಲಿ, ಇಲ್ಲವೇ ಗಾಡಿ ಪುಸ್ತಕದಲ್ಲಿ ಬರೆದಿರುತ್ತದೆ. ಹಿಂದೆ ಹೊರೆ ಇದ್ದಾಗ ಬೇರೆ ಲೆಕ್ಕ, ಅದನ್ನೂ ಓದಿ. ವಾರಕ್ಕೊಮ್ಮೆ, ಬೆಳಿಗ್ಗೆ ಗಾಡಿ ಓಡಿಸುವ ಮೊದಲು, ಟಯರು ತಣ್ಣಗಿದ್ದಾಗ ನೋಡಿಸಬೇಕು.

ಹಾಲಿನವರು ಈಗ ಹಾಗೆಯೇ ಮಾಡುತ್ತಿದ್ದಾರೆ. ಮುಂದಿನ ಗಾಡಿ ಯಾವುದೆಂದು ಕೇಳಿದೆವು. "ಕಡ್ಡೀದೇ ಸ್ವಾಮಿ, ಡೇರಿ ಬಾಗ್ಲು ನನಗೋಸ್ಕರ ಕಾಯಲ್ವಲ್ಲ" ಎಂದರು. ಕಿರಾಣಿ ಅಂಗಡಿಯವರು ಮಾತ್ರ ಅಲಾಯ್ ಗಾಡಿಗೇ ಮುಂಗಡ ಕೊಟ್ಟು ಬಂದಿದ್ದಾರೆ. ಇಬ್ಬರದೂ ಸರಿಯೇ.